ಮೋಟಾರಿನ ಮೆಸೇಜಿಗೆ ಬೇರೆ ಸದ್ದು ಕೊಡೋದು ಹೇಗೆ? ಅಪ್ಪನಿಗೆ ಎಲ್ಲವೂ ಒಂದೇ ‘ಟಿಣ್’

ಹುಳಿಯಾರಿನವಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71. ಹುಳಿಯಾರಿನ ಹತ್ತಿರ ತೆಂಗಿನ ತೋಟ, ಒಂದೇ ಬೋರ್. ಹೋದ ವರ್ಷ ಅದಕ್ಕೆ ಮೊಬೈಲ್ ಸ್ಟಾರ್ಟರ್ ಹಾಕಿಸಿದೆವು. ಡಬ್ಬದೊಳಗೆ ಒಂದು ಸಿಮ್ ಇರುತ್ತೆ. ತ್ರೀ ಫೇಸ್ ಬಂದರೆ ಅಪ್ಪನಿಗೆ ಎಸ್ಸೆಮ್ಮೆಸ್, ಮೋಟಾರ್ ಆನ್ ಆದರೆ ಎಸ್ಸೆಮ್ಮೆಸ್, ಫೇಸ್ ಹೋಗಿ ಟ್ರಿಪ್ ಆದರೂ ಎಸ್ಸೆಮ್ಮೆಸ್.

ತೊಂದರೆ ಏನಂದ್ರೆ, ಅಪ್ಪನ ಫೋನಿಗೆ ದಿನಕ್ಕೆ ನೂರು ಸಲ ‘ಟಿಣ್’ ಅನ್ನುತ್ತೆ. ಮನೆಯವರ ವಾಟ್ಸಾಪ್ ಗ್ರೂಪು, ತೆಂಗು ಬೆಳೆಗಾರರ ಗ್ರೂಪು, ಸಾಲ ಬೇಕಾ ಅನ್ನುವ ಮೆಸೇಜು, ಎಲ್ಲಕ್ಕೂ ಅದೇ ಸದ್ದು. ಹೋದ ವಾರ ರಾತ್ರಿ ಪಾಳಿಯ ಕರೆಂಟ್. 1:40ಕ್ಕೆ ಒಂದು ಫೇಸ್ ಹೋಗಿ ಮೋಟಾರ್ ಟ್ರಿಪ್ ಆಗಿದೆ. ಹತ್ತು ನಿಮಿಷಕ್ಕೆ ಫೇಸ್ ವಾಪಸ್ ಬಂದಿದೆ. ಎರಡಕ್ಕೂ ಮೆಸೇಜ್ ಬಂದಿತ್ತು. ಅಪ್ಪ ‘ಟಿಣ್’ ಕೇಳಿಸಿಕೊಂಡಿದ್ದರಂತೆ. “ನಿಮ್ಮ ದೊಡ್ಡಪ್ಪ ಗುಡ್ ನೈಟ್ ಕಳಿಸಿರಬೇಕು ಅಂದ್ಕೊಂಡು ಮಗ್ಗುಲಾದೆ” ಅಂದರು. ಬೆಳಗ್ಗೆವರೆಗೂ ಮೋಟಾರ್ ನಿಂತೇ ಇತ್ತು. ಒಂದು ಪಾಳಿ ನೀರು ಹಾಗೇ ಹೋಯಿತು.

ಸ್ಟಾರ್ಟರಿನ ನಂಬರನ್ನು ‘ಮೋಟಾರ್’ ಅಂತ ಸೇವ್ ಮಾಡಿದ್ದೇವೆ. ಅದಕ್ಕೆ ಮಾತ್ರ ಬೇರೆ ಟೋನ್ ಇಡೋಣ ಅಂತ ಕಾಂಟ್ಯಾಕ್ಟ್ ತೆಗೆದು ನೋಡಿದೆ. ನನ್ನ ಫೋನಲ್ಲಿ ಮೂರು ಚುಕ್ಕಿ ಒತ್ತಿದರೆ `Set ringtone` ಬರುತ್ತೆ. ಅಪ್ಪನ ಫೋನಲ್ಲಿ ಅದು ಕಾಣೋದೇ ಇಲ್ಲ. ಅವರದ್ದು ಆಂಡ್ರಾಯ್ಡ್ 13, ಮೆಸೇಜಿಗೆ ಗೂಗಲ್ ಮೆಸೇಜಸ್. ನಾನಿರೋದು ಬೆಂಗಳೂರಲ್ಲಿ, ಭಾನುವಾರ ಊರಿಗೆ ಹೋಗ್ತೀನಿ. ಅಷ್ಟರೊಳಗೆ ಗೊತ್ತಾದರೆ ಒಂದೇ ಸಲಕ್ಕೆ ಮಾಡಿಟ್ಟು ಬರಬಹುದು.

ಬಸಣ್ಣ ಗದಗ

ಭಾಳ ಸುಲಭ ಐತಿ ತಂಗಿ. ನಿಮ್ಮ ಸಿಮ್ ಕಂಪನಿ ಆಪ್ ತೆಗೀರಿ, ಕಾಲರ್ ಟ್ಯೂನ್ ಅಂತ ಇರ್ತದ. ಬೇಕಾದ ಹಾಡು ಆರಿಸ್ರಿ. ನಾ ನಮ್ಮ ಅಪ್ಪಾಜಿ ನಂಬರ್‌ಗೆ ವಚನ ಹಾಕೇನಿ.

ಹುಳಿಯಾರಿನವಳು

ಬಸಣ್ಣ, ಅದು ಅಪ್ಪನಿಗೆ ಫೋನ್ ಮಾಡಿದವರಿಗೆ ಕೇಳಿಸೋದು ಅಲ್ವಾ? ನನಗೆ ಬೇಕಿರೋದು ಅಪ್ಪನ ಕಿವಿಗೆ.

ಬಸಣ್ಣ ಗದಗ

ಹೌದಲ್ಲ. ನಾ ಬ್ಯಾರೇನೇ ತಿಳ್ಕೊಂಡೆ. ಹಂಗಾರ ಮೋಟಾರ್ ವಚನ ಕೇಳ್ತದ ಬಿಡ್ರಿ.

ಮೊಬೈಲ್ ರಿಪೇರಿ ದಾವಣಗೆರೆ

ಮೇಡಂ, ದಿನಾ ಇಂಥವು ನಾಲ್ಕು ಬರುತ್ತೆ ಅಂಗಡಿಗೆ. ನಂಬರ್ +91 ಹಾಕಿ ಸೇವ್ ಮಾಡಿ, `Set ringtone` ಬರುತ್ತೆ. ಆದ್ರೆ ಅದು ಕಾಲ್‌ಗೆ ಮಾತ್ರ, ಮೆಸೇಜಿಗೆ ಅಲ್ಲ. ಆಂಡ್ರಾಯ್ಡಲ್ಲಿ ಒಂದು ಆಪ್‌ಗೆ ಒಂದೇ ಟೋನ್. ಎಲ್ಲ ಎಸ್ಸೆಮ್ಮೆಸ್ಸಿಗೂ ಅದೇ ಸದ್ದು. ಬೇರೆ ಬೇಕಂದ್ರೆ ಬೇರೆ ಎಸ್ಸೆಮ್ಮೆಸ್ ಆಪ್ ಹಾಕಿಕೊಳ್ಳಬೇಕು.

ರಾತ್ರಿಪಾಳಿ

ಅಣ್ಣ ಹೇಳಿದ್ದರಲ್ಲಿ ಒಂದು ಸರಿ: ಕಾಂಟ್ಯಾಕ್ಟಿಗೆ ಇಡುವ ರಿಂಗ್‌ಟೋನ್ ಕಾಲ್‌ಗೆ ಮಾತ್ರ. ಉಳಿದದ್ದು ಹಾಗಲ್ಲ. +91ಗೂ ಇದಕ್ಕೂ ಸಂಬಂಧವಿಲ್ಲ. ಅಪ್ಪನ ಫೋನಲ್ಲಿ ಆ ನಂಬರು ಸಿಮ್ಮಿನಲ್ಲಿ ಸೇವ್ ಆಗಿರಬೇಕು. ಸಿಮ್ಮಲ್ಲಿ ಹೆಸರು, ನಂಬರು ಬಿಟ್ಟರೆ ಹೆಚ್ಚೇನೂ ಹಿಡಿಯಲ್ಲ, ಅದಕ್ಕೆ ಆ ಆಯ್ಕೆ ತೋರಿಸಲ್ಲ. ಹೊಸದಾಗಿ ಫೋನಿನಲ್ಲಿ ಅಥವಾ ಗೂಗಲ್ ಅಕೌಂಟಿನಲ್ಲಿ ‘ಮೋಟಾರ್’ ಸೇವ್ ಮಾಡಿ, ಸಿಮ್ಮಿನದನ್ನು ಅಳಿಸಿ. ಎರಡನ್ನೂ ಇಟ್ಟುಕೊಂಡರೆ ಯಾವ ‘ಮೋಟಾರ್’ಗೆ ಟೋನ್ ಇಟ್ಟೆವು ಅನ್ನೋದೇ ಗೊಂದಲ ಆಗುತ್ತೆ.

ಇನ್ನು ‘ಒಂದು ಆಪ್‌ಗೆ ಒಂದೇ ಟೋನ್’ ಅನ್ನೋದು 2017ಕ್ಕಿಂತ ಹಿಂದಿನ ಮಾತು. ಆ ವರ್ಷ ಬಂದ ಆಂಡ್ರಾಯ್ಡ್ 8ರಿಂದ ಪ್ರತಿ ಆಪ್ ತನ್ನ ನೋಟಿಫಿಕೇಶನ್‌ಗಳನ್ನು ಬಗೆಗೊಂದರಂತೆ ಚಾನೆಲ್‌ಗಳಾಗಿ ಒಡೆದು ಕೊಡಬೇಕು. ಸದ್ದು ಇರೋದು ಚಾನೆಲ್‌ಗೆ, ಆಪ್‌ಗಲ್ಲ. 2020ರ ಆಂಡ್ರಾಯ್ಡ್ 11ರಲ್ಲಿ ಒಬ್ಬೊಬ್ಬರ ಜೊತೆಗಿನ ಮಾತುಕತೆಗೂ ಬೇರೆ ಸದ್ದು ಇಡೋ ಹಾಗಾಯಿತು. ಅಪ್ಪನ ಫೋನ್ 13, ಆರಾಮಾಗಿ ಆಗುತ್ತೆ.

ಗೂಗಲ್ ಮೆಸೇಜಸ್‌ನಲ್ಲಿ ‘ಮೋಟಾರ್’ ಮೆಸೇಜುಗಳನ್ನು ತೆರೆಯಿರಿ. ಮೇಲಿನ ಮೂರು ಚುಕ್ಕಿ, `Details`, ಆಮೇಲೆ `Notifications`. ಅಲ್ಲಿ `Priority` ಅಂತ ಇಡಿ. ಕೆಳಗೆ `Sound` ಇರುತ್ತೆ, ಅದೇ ನಿಮಗೆ ಬೇಕಾದ್ದು. `Silent` ಆಗಿದ್ದರೆ ಸೌಂಡ್ ಅನ್ನೋದು ಕಾಣಲ್ಲ, ಅದಕ್ಕೆ ಹೆದರಬೇಡಿ. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಆಚೀಚೆ ಆಗಬಹುದು.

ಇನ್ನೊಂದು ಮಾತು. ಎಸ್ಸೆಮ್ಮೆಸ್ ಆಪ್ ಬದಲಾಯಿಸಿದರೆ ಇಲ್ಲಿ ಇಟ್ಟ ಟೋನ್ ಹೋಯಿತು ಅಂತಲೇ ಲೆಕ್ಕ. ಕಾಲರ್ ಐಡಿ ಆಪ್‌ಗಳು “ನಮ್ಮನ್ನೇ ಡೀಫಾಲ್ಟ್ ಮಾಡಿ” ಅಂತ ಕೇಳ್ತಾನೇ ಇರ್ತವೆ. ಅಪ್ಪ ಒಂದು ಸಲ ಹೂಂ ಅಂದರೆ ಮತ್ತೆ ‘ಟಿಣ್’.

ಮೊಬೈಲ್ ರಿಪೇರಿ ದಾವಣಗೆರೆ

ಸಿಮ್ ವಿಷಯ ಸರಿ ಇರಬಹುದು. +91 ಹಾಕಿ ಹೊಸದಾಗಿ ಸೇವ್ ಮಾಡಿದಾಗ ಫೋನಿನಲ್ಲಿ ಸೇವ್ ಆಗ್ತಿತ್ತು, ಅದಕ್ಕೇ ಸರಿಹೋಗ್ತಿತ್ತೇನೋ. ಇಷ್ಟು ವರ್ಷ +91ಗೆ ಹೆಸರು ಬಂತು.

ಅಂಗಡಿ ಲೆಕ್ಕ

ನಡುವೆ ನನ್ನದೊಂದು. ಅಂಗಡಿಗೆ ದುಡ್ಡು ಬಂದರೆ ಸೌಂಡ್‌ಬಾಕ್ಸ್ ಕೂಗುತ್ತೆ, ತೊಂದರೆ ಇಲ್ಲ. ಖಾತೆಯಿಂದ ದುಡ್ಡು *ಹೋದರೆ* ನನಗೆ ಗೊತ್ತಾಗಬೇಕು. ಬ್ಯಾಂಕಿನ ಎಸ್ಸೆಮ್ಮೆಸ್ಸಿಗೆ ರಾತ್ರಿಪಾಳಿಯವರು ಹೇಳಿದ ಹಾಗೆ ಮೂರು ತಿಂಗಳ ಹಿಂದೆಯೇ ಇಟ್ಟಿದ್ದೆ. ಒಂದು ಸಲ ಬೇರೆ ಸದ್ದು ಬರುತ್ತೆ, ಮುಂದಿನ ಸಲ ಹಳೇ ಸದ್ದು. ಫೋನ್ ಕೆಟ್ಟಿದೆಯಾ?

ರಾತ್ರಿಪಾಳಿ

ಕೆಟ್ಟಿಲ್ಲ ಸಾರ್. ಬ್ಯಾಂಕಿನ ಮೆಸೇಜುಗಳ ಮೇಲೆ ಬರುವ ಹೆಸರು ನೋಡಿ. ಒಮ್ಮೆ `VM-` ಅಂತ ಶುರುವಾಗುತ್ತೆ, ಇನ್ನೊಮ್ಮೆ `AD-` ಅಥವಾ `JD-`. ಆ ಎರಡು ಅಕ್ಷರ ಯಾವ ಟೆಲಿಕಾಂ ಕಂಪನಿ, ಯಾವ ವಲಯದಿಂದ ಹೊರಟಿತು ಅನ್ನೋದರ ಗುರುತು. 2025ರಿಂದ ಕೊನೆಗೆ `-T`, `-S`, `-P`, `-G` ಅಂತಲೂ ಸೇರಿದೆ. ಬ್ಯಾಂಕ್ ಒಂದೇ ಆದರೂ ಫೋನಿನ ಕಣ್ಣಿಗೆ ಇವೆಲ್ಲ ಬೇರೆ ಬೇರೆ ಜನ. ನೀವು ಟೋನ್ ಇಟ್ಟಿದ್ದು ಅವರಲ್ಲಿ ಒಬ್ಬನಿಗೆ.

ಮೋಟಾರ್ ಸ್ಟಾರ್ಟರಿಗೆ ಈ ಕಷ್ಟ ಇಲ್ಲ, ಅದು ಮಾಮೂಲಿ ಹತ್ತಂಕಿ ನಂಬರು. ನಿಮಗೆ ಬ್ಯಾಂಕಿನ ಆಪ್ ಕಳಿಸುವ ನೋಟಿಫಿಕೇಶನ್‌ಗೆ ಟೋನ್ ಇಡೋದೇ ವಾಸಿ. ಬಂದಾಗ ಅದರ ಮೇಲೆ ಒತ್ತಿ ಹಿಡಿಯಿರಿ, ಅದರ ಚಾನೆಲ್ಲಿಗೇ ಕರೆದುಕೊಂಡು ಹೋಗುತ್ತೆ.

ಅಂಗಡಿ ಲೆಕ್ಕ

ನೋಡಿದೆ. ನಮ್ಮ ಬ್ಯಾಂಕಿನ ಆಪ್‌ನಲ್ಲಿ ಒಂದೇ ಚಾನೆಲ್ ಇದೆ. ದುಡ್ಡು ಹೋದದ್ದು, ಬಂದದ್ದು, ಹಬ್ಬಕ್ಕೆ ಕಾರ್ ಲೋನ್ ಆಫರ್, ಎಲ್ಲ ಅದರಲ್ಲೇ. ಈಗ ಲೋನ್ ಆಫರಿಗೂ ಎದೆ ಧಸಕ್ ಅನ್ನುತ್ತೆ.

ರಾತ್ರಿಪಾಳಿ

ಆಪ್ ಮಾಡಿದವರು ಒಡೆದುಕೊಡದೆ ಹೋದರೆ ನಾವು ಒಡೆಯೋಕೆ ಆಗಲ್ಲ. ಅದು ಅವರ ಸೋಮಾರಿತನ.

ವಾರ್ಡ್ ಸಿಸ್ಟರ್

ನಾನು ಉಡುಪಿಯವಳು, ಡಬ್ಲಿನ್‌ನಲ್ಲಿ ಐಸಿಯು ನರ್ಸ್. ನನ್ನದು ಐಫೋನ್, ಹಾಗಾಗಿ ಅಪ್ಪನ ಫೋನಿಗೆ ನೇರ ಉಪಯೋಗ ಆಗಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಅಮ್ಮನ ಕಾಂಟ್ಯಾಕ್ಟ್ ತೆರೆದು `Edit` ಒತ್ತಿದರೆ `Ringtone`, `Text Tone` ಎರಡೂ ಬೇರೆ ಬೇರೆ ಇರುತ್ತವೆ. ಎರಡರ ಒಳಗೂ ಮೇಲೆ `Emergency Bypass` ಇದೆ. ಅದನ್ನು ಹಾಕಿದರೆ ಫೋನ್ ಸೈಲೆಂಟಲ್ಲಿದ್ದರೂ ಅಮ್ಮನ ಕಾಲ್ ಸದ್ದು ಮಾಡುತ್ತದೆ. ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗುವವಳು ನಾನು, ಅದೊಂದು ಇರೋದರಿಂದ ನಿದ್ದೆ ಬರುತ್ತದೆ.

ಆದರೆ ಅದು ಮಾಮೂಲಿ ಕಾಲ್ ಮತ್ತು ಐಫೋನಿನ ಮೆಸೇಜಿಗೆ. ವಾಟ್ಸಾಪ್ ಮೆಸೇಜಿಗೆ ಇಲ್ಲಿ ಇಟ್ಟ ಟೋನ್ ನಡೆಯುವುದಿಲ್ಲ, ಅದಕ್ಕೆ ವಾಟ್ಸಾಪ್ ಒಳಗೇ ಆ ವ್ಯಕ್ತಿಯ ಹೆಸರು ಒತ್ತಿ ಬೇರೆ ಟೋನ್ ಇಡಬೇಕು. ಸೈಲೆಂಟ್ ದಾಟಿ ಕೂಗುವುದೂ ಇಲ್ಲ. ಅದಕ್ಕೇ ತಮ್ಮನಿಗೆ ಹೇಳಿಟ್ಟಿದ್ದೇನೆ, ಅರ್ಜೆಂಟ್ ಆದರೆ ದುಡ್ಡು ನೋಡಬೇಡ, ಮಾಮೂಲಿ ಕಾಲ್ ಮಾಡು ಅಂತ.

ನಾನು ಬರೆಯಲು ಬಂದದ್ದು ಬೇರೆ ವಿಷಯಕ್ಕೆ. ಸದ್ದು *ಯಾವುದು* ಇಡುತ್ತೀರಿ ಅಂತ ಯಾರೂ ಕೇಳಲಿಲ್ಲ. ನಮ್ಮ ಐಸಿಯುವಿನಲ್ಲಿ ಇದೇ ಎಡವಟ್ಟು ಆಗಿತ್ತು. ಆಸ್ಪತ್ರೆ ಯಂತ್ರಗಳ ಅಲಾರಂಗೆ ಐಇಸಿ 60601-1-8 ಅಂತ ಒಂದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ. 2006ರದರಲ್ಲಿ ಹೃದಯಕ್ಕೆ ಒಂದು ಪುಟ್ಟ ರಾಗ, ಉಸಿರಾಟಕ್ಕೆ ಒಂದು, ಔಷಧಿ ಪಂಪಿಗೆ ಒಂದು ಅಂತ ಇತ್ತು. ಕಾಗದದ ಮೇಲೆ ಚೆಂದ. ಕಿವಿಗೆ ಎಲ್ಲ ಅಣ್ಣತಮ್ಮಂದಿರ ಹಾಗೆ, ಯಾವುದು ಯಾರು ಅಂತ ಗೊತ್ತಾಗುತ್ತಿರಲಿಲ್ಲ. 2020ರ ತಿದ್ದುಪಡಿಯಲ್ಲಿ ದಾರಿ ಬದಲಿಸಿದರು. ಹೃದಯಕ್ಕೆ ಎದೆಬಡಿತದ ಲಬ್‌ಡಬ್, ಔಷಧಿಗೆ ಡಬ್ಬಿಯಲ್ಲಿ ಮಾತ್ರೆ ಗಲಗಲ ಅನ್ನುವ ಸದ್ದು. ಇಂಥದ್ದನ್ನು ಕಲಿಯಲೇಬೇಕಾಗಿಲ್ಲ, ಕೇಳಿದರೆ ಗೊತ್ತಾಗುತ್ತದೆ.

ಅಪ್ಪನಿಗೆ ಫೋನಿನಲ್ಲಿರುವ ನಲವತ್ತು ಟೋನ್‌ಗಳಲ್ಲಿ ಒಂದನ್ನು ಆರಿಸಿ ‘ಇದು ಮೋಟಾರ್’ ಅಂತ ಬಾಯಿಪಾಠ ಮಾಡಿಸಬೇಡಿ. ಮೋಟಾರ್ ಅನ್ನಿಸುವ ಸದ್ದೇ ಇಡಿ.

ಹುಳಿಯಾರಿನವಳು

ಅಕ್ಕ, ಇದು ಹೊಳೆದೇ ಇರಲಿಲ್ಲ! ಮೋಟಾರಿನ ಗುಂಯ್ ಅನ್ನೋ ಸದ್ದನ್ನೇ ರೆಕಾರ್ಡ್ ಮಾಡಿ ಇಡ್ತೀನಿ ಹಾಗಾದ್ರೆ.

ರಾತ್ರಿಪಾಳಿ

ಆ ಗುಂಯ್ ಕೆಲಸಕ್ಕೆ ಬರಲ್ಲ. ನಮ್ಮ ಕರೆಂಟ್ 50 ಹರ್ಟ್ಸ್, ಮೋಟಾರಿನ ಗುಂಯ್‌ನ ಮುಖ್ಯ ಭಾಗ 100ರ ಆಸುಪಾಸು. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ದಪ್ಪ ಸದ್ದು ಹೊರಡಿಸೋಕೆ ಆಗಲ್ಲ. ಹೆಡ್‌ಫೋನಲ್ಲಿ ಚೆನ್ನಾಗಿ ಕೇಳುತ್ತೆ, ಫೋನಲ್ಲಿ ಸುಮ್ನೆ ಗೊರಗೊರ. ನೀರಿನ ಸದ್ದೂ ಬೇಡ, ಫ್ಯಾನು ಮಳೆ ಎರಡರಲ್ಲೂ ಮುಳುಗಿಹೋಗುತ್ತೆ.

ಫ್ಯಾಕ್ಟರಿ ಸೇಫ್ಟಿ

ಹಾಗಂತ ತೀರಾ ಕೀರಲು ಸದ್ದೂ ಬೇಡ. ವಯಸ್ಸಾದ ಮೇಲೆ ಮೊದಲು ಹೋಗೋದೇ ಮೇಲಿನ ಸ್ವರಗಳು. ಹೊಗೆ ಅಲಾರಂ ನೋಡಿ, ಮಾಮೂಲಿಯದು 3000 ಹರ್ಟ್ಸ್ ಆಸುಪಾಸಿನಲ್ಲಿ ಕಿರುಚುತ್ತೆ. ನಿದ್ದೆಯಲ್ಲಿರೋ ವಯಸ್ಸಾದವರು, ಕಿವಿ ಮಂದ ಇರೋರು ಅದಕ್ಕೆ ಏಳಲ್ಲ ಅಂತ ಗೊತ್ತಾದ ಮೇಲೆ ಅಮೆರಿಕದ ನಿಯಮದಲ್ಲಿ ಮಲಗುವ ಕೋಣೆಯ ಫೈರ್ ಅಲಾರಂಗೆ 520 ಹರ್ಟ್ಸ್ ಮಾಡಿದರು. ಅದೂ ನುಣುಪಾದ ಸ್ವರ ಅಲ್ಲ, ಒರಟು ಸದ್ದು. ಹಳೇ ಲಾರಿ ಹಾರನ್ ಇದ್ದ ಹಾಗೆ ಅಂದ್ಕೊಳ್ಳಿ. ಅಪ್ಪನ ಫೋನಿನ ಈಗಿನ ‘ಟಿಣ್’ ಮೇಲಿನ ಸ್ವರದ್ದೇ ಇರಬೇಕು, ಫ್ಯಾನ್ ಸದ್ದಲ್ಲಿ ಅವರಿಗೆ ಅರ್ಧಂಬರ್ಧ ಕೇಳಿರುತ್ತೆ.

ಹಳೇ ನೋಕಿಯಾ

ರಾಗಕ್ಕಿಂತ ತಾಳ ನೋಡಿ ಅನ್ನೋದು ನನ್ನ ಮಾತು. ನೋಕಿಯಾದಲ್ಲಿ ಮೆಸೇಜ್ ಬಂದರೆ ‘ಟಿಟಿಟಿ ಟೀ ಟೀ ಟಿಟಿಟಿ’ ಅನ್ನುತ್ತಿತ್ತು, ನೆನಪಿದೆಯಾ? ಅದು ಮೋರ್ಸ್ ಕೋಡಿನಲ್ಲಿ SMS ಅನ್ನೋ ಮೂರು ಅಕ್ಷರ. ಪಕ್ಕದ ಮನೆಯಲ್ಲಿ ಬಂದರೂ ಗೋಡೆ ದಾಟಿ ತಾಳ ಕೇಳುತ್ತಿತ್ತು. ಆಗಿನ ಕೆಲವು ನೋಕಿಯಾಗಳಲ್ಲಿ ಕಾಲರ್ ಗ್ರೂಪ್ ಅಂತಲೂ ಇತ್ತು, ಮನೆಯವರಿಗೆ ಒಂದು ರಿಂಗು, ಆಫೀಸಿನವರಿಗೆ ಇನ್ನೊಂದು. ಈಗಿನ ಫೋನಲ್ಲಿ ಅದಕ್ಕೆ ಏಳು ಬಾಗಿಲು ದಾಟಬೇಕು.

ಬೋರ್‌ವೆಲ್ ಭಾವ

ಇಷ್ಟೆಲ್ಲ ಯಾಕೆ? ಸ್ಟಾರ್ಟರನ್ನು ಆಟೋಗೆ ಹಾಕಿ. ಫೇಸ್ ಬಂದ ಕೂಡಲೇ ತಾನೇ ಆನ್ ಆಗುತ್ತೆ. ನಾನು ನಿದ್ದೆ ಮಾಡ್ತೀನಿ, ಮೋಟಾರ್ ಕೆಲಸ ಮಾಡುತ್ತೆ.

ಹುಳಿಯಾರಿನವಳು

ಭಾವ, ನಮ್ಮ ಬೋರಲ್ಲಿ ನೀರು ಕಡಿಮೆ. ಒಂದೂವರೆ ಗಂಟೆ ಓಡಿಸಿ ಅರ್ಧ ಗಂಟೆ ಬಿಡಬೇಕು. ಆಟೋದಲ್ಲಿ ಹಾಕಿ ಒಂದು ಸಲ ಮೋಟಾರ್ ಸುಟ್ಟುಕೊಂಡಿದ್ದೀವಿ. ಅಪ್ಪ ಇನ್ನು ಆಟೋ ಹೆಸರೆತ್ತಿದರೆ ಎದ್ದು ಹೋಗ್ತಾರೆ.

ರಾತ್ರಿಪಾಳಿ ಅಣ್ಣ, ಒಂದು ಅನುಮಾನ. ಕರೆಂಟ್ ಬಂತು ಅನ್ನೋದೂ ಅದೇ ನಂಬರಿಂದ, ಟ್ರಿಪ್ ಆಯ್ತು ಅನ್ನೋದೂ ಅದೇ ನಂಬರಿಂದ. ಎರಡಕ್ಕೂ ಬೇರೆ ಸದ್ದು ಇಡಬಹುದಾ?

ರಾತ್ರಿಪಾಳಿ

ಫೋನ್ ಯಾರು ಕಳಿಸಿದರು ಅಂತ ನೋಡುತ್ತೆ, ಏನು ಬರೆದಿದೆ ಅಂತ ಓದಲ್ಲ. ಹಾಗಾಗಿ ನೇರವಾಗಿ ಆಗಲ್ಲ. ಮ್ಯಾಕ್ರೋಡ್ರಾಯ್ಡ್‌ನಂಥ ಆಪ್ ಹಾಕಿ, ನೋಟಿಫಿಕೇಶನ್‌ನಲ್ಲಿ `TRIP` ಅನ್ನೋ ಪದ ಇದ್ದರೆ ಅಲಾರಂ ವಾಲ್ಯೂಮಿನಲ್ಲಿ ಒಂದು ಫೈಲ್ ನುಡಿಸು ಅಂತ ಹೇಳಬಹುದು. ನಾನು ಆಫೀಸಿನ ಸರ್ವರ್ ಅಲರ್ಟಿಗೆ ಹಾಗೇ ಮಾಡ್ಕೊಂಡಿದ್ದೀನಿ. ಆದ್ರೆ ಫೋನಿನ ಬ್ಯಾಟರಿ ಉಳಿತಾಯ ಅಂಥ ಆಪನ್ನು ಹಿಂದಿನಿಂದ ಸಾಯಿಸುತ್ತೆ, ಅಪ್ಪ ಒಬ್ಬರೇ ಇದ್ದಾಗ ಯಾರು ನೋಡೋರು? ನಾನಾಗಿದ್ದರೆ ಹಳ್ಳಿಯ ಫೋನಿನಲ್ಲಿ ಅದನ್ನು ಮಾಡಲ್ಲ.

ಅದರ ಬದಲು ಸ್ಟಾರ್ಟರಿನ ಪುಸ್ತಕ ನೋಡಿ. ಕೆಲವದರಲ್ಲಿ ಯಾವುದಕ್ಕೆ ಕಾಲ್, ಯಾವುದಕ್ಕೆ ಎಸ್ಸೆಮ್ಮೆಸ್ ಅಂತ ನಾವೇ ಇಡಬಹುದು. ಟ್ರಿಪ್‌ಗೆ ಕಾಲ್ ಬರೋ ಹಾಗೆ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಮೆಸೇಜ್ ಟೋನ್ ಒಂದು ಸಲ ಕೂಗಿ ಸುಮ್ಮನಾಗುತ್ತೆ, ಕಾಲ್ ಎತ್ತೋವರೆಗೂ ಅರ್ಧ ನಿಮಿಷ ಬಡ್ಕೊಳ್ಳುತ್ತೆ. ಕಾಲ್‌ಗೆ ಒಂದು ಸದ್ದು, ಎಸ್ಸೆಮ್ಮೆಸ್ಸಿಗೆ ಇನ್ನೊಂದು.

ಎಸ್ಸೆಮ್ಮೆಸ್ಸೇ ಗತಿ ಅಂದ್ರೆ ಒಂದು ಉಪಾಯ ಇದೆ. ಆಂಡ್ರಾಯ್ಡ್ ಟೋನ್ ಫೈಲನ್ನು ಕೊನೆಯವರೆಗೂ ನುಡಿಸುತ್ತೆ. ಯಾರೋ ನಾಲ್ಕು ನಿಮಿಷದ ಭಜನೆಯನ್ನು ಮೆಸೇಜ್ ಟೋನ್ ಮಾಡ್ಕೊಂಡು ಬಸ್ಸಿನಲ್ಲಿ ಒದ್ದಾಡೋದು ನೋಡಿರ್ತೀರಲ್ಲ, ಅದೇ. ಹಾಗಾಗಿ ಎರಡು ಸೆಕೆಂಡಿನ ಸದ್ದನ್ನು ನಡುವೆ ಬಿಡುವು ಕೊಟ್ಟು ಐದು ಸಲ ಸೇರಿಸಿ, ಇಪ್ಪತ್ತು ಸೆಕೆಂಡಿನ ಫೈಲ್ ಮಾಡಿ. ಅಪ್ಪ ಎದ್ದು ನೋಟಿಫಿಕೇಶನ್ ಪರದೆ ಕೆಳಗೆ ಎಳೆದರೆ ನಿಲ್ಲುತ್ತೆ.

ಒಂದೊಂದು ಕಾಂಟ್ಯಾಕ್ಟಿಗೆ ಬೇರೆ ವಾಲ್ಯೂಮ್ ಇಡೋಕೆ ಬರಲ್ಲ. ಹಾಗಾಗಿ ಫೈಲೇ ಜೋರಾಗಿರಬೇಕು. ಫೋನಲ್ಲಿ ರೆಕಾರ್ಡ್ ಮಾಡಿದ್ದು ಸಾಮಾನ್ಯವಾಗಿ ಮೆಲ್ಲಗಿರುತ್ತೆ. ಲ್ಯಾಪ್‌ಟಾಪಿನಲ್ಲಿ ffmpeg ಅನ್ನೋ ಪ್ರೋಗ್ರಾಂ ಇದ್ದರೆ ಇದೊಂದು ಸಾಲು ಸಾಕು:

```
ffmpeg -i motor.m4a -af "highpass=f=300,loudnorm=I=-12:TP=-1" -ar 44100 -c:a libvorbis motor.ogg
```

300ರ ಕೆಳಗಿನದನ್ನು ಕತ್ತರಿಸಿದ್ದೀನಿ, ಸ್ಪೀಕರಿಗೆ ಹೇಗೂ ಅದು ಬೇಡ. ಆಮೇಲೆ ಫೈಲನ್ನು ಫೋನಿನ ಒಳ ಮೆಮೊರಿಯ `Notifications` ಫೋಲ್ಡರಿಗೆ ಹಾಕಿ, ಕಾಲಿನದನ್ನು `Ringtones`ಗೆ. ಡೌನ್‌ಲೋಡ್‌ನಲ್ಲಿ ಬಿಟ್ಟರೆ ಅಪ್ಪ ಜಾಗ ಇಲ್ಲ ಅಂತ ಒಂದು ದಿನ ಅಳಿಸ್ತಾರೆ. ಫೈಲ್ ಹೋದರೆ ಹಳೇ ಟಿಣ್‌ಗೆ ಬೀಳುತ್ತೆ, ಇಲ್ಲಾ ಸದ್ದೇ ಬರಲ್ಲ. ಯಾರೂ ಹೇಳಲ್ಲ ಯಾಕೆ ಅಂತ.

ವಾರ್ಡ್ ಸಿಸ್ಟರ್

ಇದಕ್ಕಿಂತ ಮೊದಲು ಗ್ರೂಪುಗಳ ಬಾಯಿ ಮುಚ್ಚಿಸಿ. ನೂರು ಸದ್ದಿನ ನಡುವೆ ನೂರ ಒಂದನೆಯದಕ್ಕೆ ಎಷ್ಟು ಚೆಂದದ ಟೋನ್ ಇಟ್ಟರೂ ಕಿವಿ ಸೋಲುತ್ತದೆ. ವಾರ್ಡಿನಲ್ಲಿ ಇದನ್ನು ದಿನಾ ನೋಡುತ್ತೇನೆ.

ರಾತ್ರಿಪಾಳಿ

ಒಪ್ಪಿದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನ `Notifications` ಒಳಗೆ ಮೆಸೇಜಿಗೆ ಒಂದು, ಗ್ರೂಪಿಗೆ ಒಂದು ಟೋನ್ ಬೇರೆ ಬೇರೆ ಇದೆ. `Groups` ಕೆಳಗಿನದನ್ನು `None` ಮಾಡಿ. ಒಂದೊಂದೇ ಗ್ರೂಪ್ ಮ್ಯೂಟ್ ಮಾಡ್ತಾ ಕೂರಬೇಕಿಲ್ಲ, ನಾಳೆ ಹೊಸ ಗ್ರೂಪಿಗೆ ಯಾರಾದರೂ ಸೇರಿಸಿದರೂ ಸದ್ದಿಲ್ಲ. ವಾಟ್ಸಾಪಿನದನ್ನು ವಾಟ್ಸಾಪ್ ಒಳಗಿಂದಲೇ ಬದಲಿಸಿ, ಫೋನಿನ ಸೆಟ್ಟಿಂಗ್ಸಿಂದ ಕೈ ಹಾಕಿದರೆ ಎರಡೂ ಕಡೆ ಬೇರೆ ಬೇರೆ ತೋರಿಸಿ ತಲೆ ಕೆಡಿಸುತ್ತೆ.

ಮುಗಿದ ಮೇಲೆ ಪರೀಕ್ಷೆ ಮಾಡಿ. ಟೋನ್ ಆರಿಸುವಾಗ ಕೇಳೋದು ಪರೀಕ್ಷೆ ಅಲ್ಲ. ಪರದೆ ಆರಿಸಿ ಫೋನನ್ನು ಅಪ್ಪ ರಾತ್ರಿ ಇಡೋ ಜಾಗದಲ್ಲಿಡಿ, ಫ್ಯಾನ್ ಹಾಕಿ, ಅಪ್ಪನನ್ನು ಮಲಗಿಸಿ. ಸ್ಟಾರ್ಟರಿಗೆ ಸ್ಟೇಟಸ್ ಕೇಳಿ ನಿಜವಾದ ಮೆಸೇಜೇ ಬರಿಸಿ.

ಹುಳಿಯಾರಿನವಳು

*ಸೋಮವಾರ.* ಊರಿಂದ ಬಂದೆ, ವರದಿ ಒಪ್ಪಿಸ್ತೀನಿ.

ನಂಬರ್ ಸಿಮ್ಮಲ್ಲೇ ಇತ್ತು. ಫೋನಿಗೆ ಹಾಕಿದ ಕೂಡಲೇ `Set ringtone` ಬಂತು. ಸ್ಟಾರ್ಟರಿನ ಪುಸ್ತಕ ಮೋಟಾರ್ ಮನೆಯ ಗೂಡಿನಲ್ಲಿ ಸಿಕ್ಕಿತು, ಅರ್ಧ ಗೆದ್ದಲು ತಿಂದಿತ್ತು. ಪುಣ್ಯಕ್ಕೆ ಬೇಕಾದ ಪುಟ ಉಳಿದಿತ್ತು. ಈಗ ಟ್ರಿಪ್ ಆದರೆ ಕಾಲ್, ಉಳಿದದ್ದಕ್ಕೆಲ್ಲ ಎಸ್ಸೆಮ್ಮೆಸ್.

ಸದ್ದಿನದ್ದೇ ದೊಡ್ಡ ಪಂಚಾಯಿತಿ. ಮೊದಲು ಸ್ಟಾರ್ಟರ್ ‘ಠಕ್’ ಅಂತ ಹಿಡಿಯೋ ಸದ್ದು ರೆಕಾರ್ಡ್ ಮಾಡಿದೆ. ಹತ್ತಿರದಿಂದ ಚೆನ್ನಾಗಿತ್ತು, ಪಕ್ಕದ ಕೋಣೆಯಿಂದ ಯಾರೋ ಚೊಂಬು ಬೀಳಿಸಿದ ಹಾಗೆ. ಆಮೇಲೆ ಸೈಕಲ್ ಬೆಲ್. ಫ್ಯಾನ್ ಹಾಕಿದ ಮೇಲೆ ಅಪ್ಪನಿಗೆ ಕೇಳಲೇ ಇಲ್ಲ, ನನಗೆ ಕಿವಿ ತೂತಾಗೋ ಹಾಗೆ ಕೇಳ್ತಿತ್ತು. ಸೇಫ್ಟಿ ಸಾರ್ ಹೇಳಿದ್ದು ಅವತ್ತು ಅರ್ಥ ಆಯ್ತು. ಎಸ್ಸೆಮ್ಮೆಸ್ಸಿಗೆ ಕೊನೆಗೆ ಹಸುವಿನ ಕೊರಳಿನ ಮರದ ಗಂಟೆ ಇಟ್ಟೆ. ‘ಲೊಟಕ್ ಲೊಟಕ್, ಲೊಟಕ್’ ಅಂತ ತಾಳ ಮಾಡಿ ನಾನೇ ಅಲ್ಲಾಡಿಸಿದ್ದು. ಫ್ಯಾನ್ ಇದ್ದರೂ ಕೇಳುತ್ತೆ.

ಟ್ರಿಪ್ ಕಾಲ್‌ಗೆ ಏನು ಇಡೋದು ಅಂತ ಯೋಚಿಸ್ತಿದ್ದಾಗ ಅಮ್ಮ ಹಿತ್ತಲಿಂದ ಕೂಗಿದರು, “ರೀ, ಮೋಟ್ರು ನಿಂತೋಯ್ತು ನೋಡ್ರೀ!” ನಿಜವಾಗ್ಲೂ ನಿಂತಿತ್ತು. ಅಪ್ಪ ತಟ್ಟನೆ ಎದ್ದರು. ಅದನ್ನೇ ಇನ್ನೊಂದು ಸಲ ಕೂಗಿಸಿ ರೆಕಾರ್ಡ್ ಮಾಡಿದೆ. ಅಮ್ಮನಿಗೆ ನಾಚಿಕೆ, ಮೂರನೇ ಸಲಕ್ಕೆ ಸರಿಯಾಗಿ ಕೂಗಿದರು. ರಾತ್ರಿಪಾಳಿ ಅಣ್ಣ ಕೊಟ್ಟ ಸಾಲು ಓಡಿಸಿ ಜೋರು ಮಾಡಿ `Ringtones`ಗೆ ಹಾಕಿದೆ.

ಮಧ್ಯಾಹ್ನ ಅಪ್ಪ ಮಲಗಿದ ಮೇಲೆ ಮೋಟಾರ್ ಮನೆಗೆ ಹೋಗಿ ಒಂದು ಫೇಸಿನ ಫ್ಯೂಸ್ ಕಟೌಟ್ ಎಳೆಯೋಕೆ ಪಕ್ಕದ ತೋಟದ ಅಣ್ಣನಿಗೆ ಹೇಳಿದೆ, ನಾನು ಕೈ ಹಾಕಲಿಲ್ಲ. ಮೋಟಾರ್ ನಿಂತಿತು, ಕಾಲ್ ಹೋಯಿತು. ಅಪ್ಪ ಕಣ್ಣು ಬಿಡದೇ “ಹ್ಞೂಂ, ಬಂದೆ” ಅಂತ ಫೋನಿಗೆ ಉತ್ತರ ಕೊಟ್ಟು ಎದ್ದು ಕೂತರು.

ಬಸಣ್ಣ ಗದಗ

ಇದಕ್ಕ ಅಂತಾರ ನೋಡ್ರಿ ರಿಂಗ್‌ಟೋನ್!

ಫ್ಯಾಕ್ಟರಿ ಸೇಫ್ಟಿ

ಕಟೌಟ್ ಎಳೆದು ಪರೀಕ್ಷೆ ಮಾಡೋದು ಇನ್ನೊಮ್ಮೆ ಬೇಡ. ಲೋಡ್ ಇದ್ದಾಗ ಎಳೆದರೆ ಕಿಡಿ ಹಾರುತ್ತೆ, ಗೊತ್ತಿದ್ದವರಿಗೂ ಅಪಾಯವೇ. ಮೋಟಾರಿಗೂ ಒಳ್ಳೇದಲ್ಲ.

ರಾತ್ರಿಪಾಳಿ

ನಾನು ಹೇಳಿದ್ದು ಸ್ಟೇಟಸ್ ಕೇಳಿ ಅಂತ! ಸರಿ, ಆಗಿದ್ದು ಆಯ್ತು.

ಎರಡು ಬಾಕಿ ಇದೆ. ‘ಮೋಟಾರ್’ ಕಾಂಟ್ಯಾಕ್ಟಿಗೆ ನಕ್ಷತ್ರ ಹಾಕಿ, ಡು ನಾಟ್ ಡಿಸ್ಟರ್ಬ್‌ನಲ್ಲಿ ನಕ್ಷತ್ರ ಇರೋರ ಕಾಲ್ ಬಿಡು ಅಂತ ಇಡಿ. ಆದ್ರೆ ಅಪ್ಪ ದೇವಸ್ಥಾನದಲ್ಲಿ ಫೋನನ್ನು ಸೈಲೆಂಟ್ ಮಾಡಿ ಮರೆತರೆ ನಕ್ಷತ್ರ ಉಪಯೋಗಕ್ಕೆ ಬರಲ್ಲ. ಸಿಸ್ಟರ್ ಹೇಳಿದ ಐಫೋನಿನ ಬೈಪಾಸ್ ಥರದ್ದು ಕಾಂಟ್ಯಾಕ್ಟಿನೊಳಗೆ ನಮ್ಮಲ್ಲಿಲ್ಲ. ಇನ್ನೊಂದು, ಮುಂದೆ ಹೊಸ ಫೋನ್ ಕೊಡಿಸಿದಾಗ. ಕಾಂಟ್ಯಾಕ್ಟಿನ ಹೆಸರು ನಂಬರು ಗೂಗಲ್‌ನಿಂದ ಬರುತ್ತೆ, ಟೋನ್ ಬರಲ್ಲ. ಎರಡೂ ಫೈಲ್ ಡ್ರೈವಿನಲ್ಲಿ ಇಟ್ಟಿರಿ. ಹೊಸ ಪಿಕ್ಸೆಲ್‌ನಂಥವುಗಳಲ್ಲಿ `Notification cooldown` ಅಂತಲೂ ಬಂದಿದೆ. ಒಂದರ ಹಿಂದೆ ಒಂದು ಮೆಸೇಜ್ ಬಂದರೆ ಸದ್ದು ತಾನೇ ತಗ್ಗಿಸುತ್ತೆ. ಫೇಸ್ ಆಟ ಆಡೋ ರಾತ್ರಿ ನಿಮ್ಮ ಸ್ಟಾರ್ಟರ್ ಕಳಿಸೋದೇ ಹಾಗೆ. `Priority` ಇಟ್ಟಿದ್ದರೆ ಅದರ ಕಾಟ ಇಲ್ಲ.

ಅಂಗಡಿ ಲೆಕ್ಕ

ನನ್ನ ಬ್ಯಾಂಕಿನ ಕಥೆ ಹಾಗೇ ಉಳಿಯಿತು. ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ. ಸದ್ಯಕ್ಕೆ ಬ್ಯಾಂಕಿನ ಆ ನಾಲ್ಕು ಹೆಸರಿಗೂ ಒಂದೊಂದಾಗಿ ಅದೇ ಟೋನ್ ಇಟ್ಟಿದ್ದೀನಿ, ಐದನೆಯದು ಬಂದಾಗ ನೋಡೋಣ.

ಹುಳಿಯಾರಿನವಳು

*ಗುರುವಾರ.* ಹೊಸ ತೊಂದರೆ. ನಿನ್ನೆ ಅಮ್ಮ ನಿಜವಾಗಿಯೂ ಹಿತ್ತಲಿಂದ “ರೀ” ಅಂತ ಕೂಗಿದ್ದಾರೆ, ಕರು ಹಗ್ಗ ಬಿಚ್ಚಿಕೊಂಡಿತ್ತಂತೆ. ಅಪ್ಪ ಆರಾಮಾಗಿ ಜೇಬಿಂದ ಫೋನ್ ತೆಗೆದು ನೋಡಿ, ಕಾಲ್ ಬಂದಿಲ್ಲವಲ್ಲ ಅಂತ ಮತ್ತೆ ಜೇಬಿಗೆ ಹಾಕಿಕೊಂಡರಂತೆ. ಅಮ್ಮ ನನಗೆ ಫೋನ್ ಮಾಡಿ, ಭಾನುವಾರ ಬಂದು ನನ್ನ ಗಂಟಲು ತೆಗೆದುಹಾಕು ಅಂದಿದ್ದಾರೆ. ನನ್ನ ಧ್ವನಿ ಇಡೋಣವಾ, ಅಥವಾ ಲಾರಿ ಹಾರನ್ನೇ ವಾಸಿಯಾ?